ಆಷಾಢದಲ್ಲಿ ಬಾರದ ಹೊಟ್ಟೆನೋವು

ಲಗ್ನಪತ್ರಿಕೆಯ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ಅಕ್ಕನೇ ತಂದುಕೊಟ್ಟಳು. ನಾನದನ್ನು ಹೊಲಿಗೆ ಯಂತ್ರದ ಮೇಲೆ, ಕತ್ತರಿಯ ಪಕ್ಕದಲ್ಲಿ ಇಟ್ಟೆ. ಅಕ್ಕನ ಮಗಳ ಮದುವೆಗೆ ಇನ್ನೂ ಇಪ್ಪತ್ತೆರಡು ದಿನ ಇತ್ತು. ನನ್ನ ಹೊಟ್ಟೆ ಅವತ್ತೇ ಶುರುಮಾಡಿತು.

ಇದು ತೊಂಬತ್ತರ ದಶಕದ ನಡುವಿನ ಮಾತು. ತಮಿಳುನಾಡಿಗೆ ಸೇರಿದ ನಮ್ಮ ಗಡಿಯೂರು ತಾಳವಾಡಿಯ ಬಜಾರಿನಲ್ಲಿ ನನ್ನದೊಂದು ದರ್ಜಿ ಅಂಗಡಿ ಇತ್ತು. ಸುತ್ತಲ ಹಳ್ಳಿಗಳ ಮದುವೆಗಳಿಗೆ ರವಿಕೆ, ಜುಬ್ಬ ಹೊಲಿಯುತ್ತಿದ್ದವನು ನಾನೇ; ಆ ಮದುವೆಗಳಿಗೆ ಹೋಗದವನೂ ನಾನೇ. ನನ್ನ ಯಂತ್ರ ಗೋಡೆಗೆ ಮುಖ ಮಾಡಿತ್ತು. ಬಂದವರು ನನ್ನ ಬೆನ್ನಿನ ಜೊತೆ ಮಾತಾಡಿ ಹೋಗುತ್ತಿದ್ದರು. ಊರಿನವರ ಎದೆ, ಸೊಂಟ, ತೋಳಿನ ಅಳತೆಯೆಲ್ಲ ನನಗೆ ಬಾಯಿಪಾಠ, ಮುಖಗಳು ಮಾತ್ರ ಅಷ್ಟು ಸರಿಯಾಗಿ ಗೊತ್ತಿರಲಿಲ್ಲ.

ಮದುವೆ ಎಂದರೆ ನನಗೆ ಇನ್ನೂರು ಜನ ಅಲ್ಲ, ನಾನೂರು ಕಣ್ಣು. ಒಳಗೆ ಕಾಲಿಟ್ಟ ಕೂಡಲೇ ಅವೆಲ್ಲ ನನ್ನ ಕಡೆ ತಿರುಗುತ್ತವೆ, ಕೈ ನಡುಗುವುದನ್ನು ನೋಡುತ್ತವೆ, ಬೆವರನ್ನು ನೋಡುತ್ತವೆ ಎಂದು ವಾರಗಟ್ಟಲೆ ಮೊದಲೇ ಮನಸ್ಸಿನಲ್ಲಿ ನಡೆದುಹೋಗುತ್ತಿತ್ತು. ಒಂದು ಮದುವೆಯನ್ನು ನಾನು ಹೀಗೆ ಇಪ್ಪತ್ತು ಸಲ ಅನುಭವಿಸಿ, ಇಪ್ಪತ್ತೊಂದನೆಯ ಸಲಕ್ಕೆ ಹೋಗದೆ ಉಳಿಯುತ್ತಿದ್ದೆ.

ಹೋಗದೆ ಇರುವುದಕ್ಕೂ ಕಷ್ಟಪಡುತ್ತಿದ್ದೆ. ಒಮ್ಮೆ ಸತ್ಯಮಂಗಲದಲ್ಲಿ ಚಿಕ್ಕಪ್ಪನ ಮಗನ ಮದುವೆ. ಹೊಸ ಪಂಚೆ ಉಟ್ಟು ಬಸ್ಸು ಹತ್ತಿದೆ. ಘಾಟಿಯ ನೆತ್ತಿಯ ದಿಂಬಂನಲ್ಲಿ ಬಸ್ಸು ನಿಂತಾಗ ಟೀ ಕುಡಿಯಲು ಇಳಿದವನು ಮತ್ತೆ ಹತ್ತಲಿಲ್ಲ. ಮೂರು ಟೀ ಕುಡಿದೆ. ಮೂರಲ್ಲ, ನಾಲ್ಕು. ಘಾಟಿಯ ತಿರುವುಗಳಲ್ಲಿ ಬಸ್ಸುಗಳು ಇಳಿದು ಮರೆಯಾಗುವುದನ್ನು ನೋಡುತ್ತಾ ಕುಳಿತು, ಮೇಲೆ ಬಂದ ಬಸ್ಸಿನಲ್ಲಿ ವಾಪಸಾದೆ. ಕೇಳಿದವರಿಗೆ ಘಾಟಿಯಲ್ಲಿ ಲಾರಿ ಅಡ್ಡ ನಿಂತಿತ್ತು ಎಂದೆ. ಲಾರಿ ನಿಜಕ್ಕೂ ನಿಂತಿತ್ತು, ಟೀ ಅಂಗಡಿಯ ಮುಂದೆ, ಯಾರಿಗೂ ಅಡ್ಡವಾಗದೆ. ಆ ಸಂಜೆ ಮೈ ಎಷ್ಟು ಹಗುರವಾಗಿತ್ತೆಂದರೆ ಹಾಡಿಕೊಂಡೆ. ಮುಂದಿನ ಲಗ್ನಪತ್ರಿಕೆ ಬಂದಾಗ ಭಯ ಮಾತ್ರ ಮೊದಲಿಗಿಂತ ದೊಡ್ಡದಾಗಿತ್ತು.

ಈ ಸಲ ಲಾರಿಯ ಮಾತು ನಡೆಯುವ ಹಾಗಿರಲಿಲ್ಲ. ಮದುವೆ ತಾಳವಾಡಿಯಲ್ಲೇ, ನನ್ನ ಅಂಗಡಿಯಿಂದ ಕಾಣುವ ಮಂಟಪದಲ್ಲಿ. ಸಾಲದ್ದಕ್ಕೆ ನಮ್ಮ ಮನೆತನದಲ್ಲಿ ಹೆಣ್ಣಿನ ಕೈ ಹಿಡಿದು ಹಸೆಗೆ ಕರೆತರಬೇಕಾದವನು ಸೋದರಮಾವ. ಇದ್ದವನು ನಾನೊಬ್ಬನೇ.

"ಏನ್ಲಾ, ಈ ಸತಿನೂ ಒಟ್ಟೆ ನೋವಾ?" ಎಂದಳು ಅಕ್ಕ, ನನ್ನ ಮುಖ ನೋಡಿಯೇ. "ಬೇರೇರ ಮದ್ವಗೆ ಏನಾರ ಮಾಡ್ಕ. ಇದು ನಿನ್ನಕ್ಕನ ಮಗಳ ಮದ್ವ ಕಣ್ಲಾ."

ಎರಡು ದಿನ ಬಿಟ್ಟು ಮಗಳೇ ಬಂದಳು, ರವಿಕೆಯ ಅಳತೆಗೆ. ಟೇಪು ಹಿಡಿದು ನಿಂತಿದ್ದಾಗ ಹೇಳಿದಳು: "ಮಾವ, ನೀನು ಬರ್ದೆ ಇದ್ರ ನಾನೇನು ಅಳ್ತಾ ಕೂರಲ್ಲ. ಒಬ್ಳೆ ನಡ್ಕಂಡು ಓಯ್ತಿನಿ. ಆದ್ರ ಅಕ್ಕಂಗೂ ತಮ್ಮಂಗೂ ಜಗಳ, ಅದ್ಕೇ ಬರ್ನಿಲ್ಲ ಅಂತ ಜನ ನಮ್ಮವ್ವನ್ನ ಆಡ್ಕತಾರ. ಅದೊಂದು ನಂಗ ಬ್ಯಾಡ."

ನಾನು ತೋಳಿನ ಸುತ್ತಳತೆ ಬರೆದುಕೊಂಡೆ. ಆಮೇಲೆ ನೋಡಿದರೆ ಸಂಖ್ಯೆಯ ಜಾಗದಲ್ಲಿ ಬರೀ ಗೀಟು ಎಳೆದಿದ್ದೆ.

ಮಾರನೆಯ ದಿನ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ಘಾಟಿಯ ಕೆಳಗಿನ ಗೋಬಿ ಪಟ್ಟಣದ ಕಡೆಯಿಂದ ಬಂದ ತಮಿಳು ನರ್ಸಮ್ಮ ಒಬ್ಬರಿದ್ದರು. ಹೊಟ್ಟೆನೋವಿಗೆಂದು ನಾನು ಹಿಂದೆಲ್ಲ ಬರೆಸಿಕೊಂಡಿದ್ದ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ತಾರೀಖುಗಳನ್ನು ನೋಡಿದರು.

"ಅಣ್ಣಾ, ಆಡಿ ಮಾಸದಲ್ಲಿ ನಿಮಗೆ ಹೊಟ್ಟೆ ನೋವು ಬರಲ್ಲವಾ?"

ಆಡಿ ಎಂದರೆ ತಮಿಳರ ಆಷಾಢ. ನೆನಪು ಮಾಡಿಕೊಂಡೆ. "ಇಲ್ಲ."

"ಮಾರ್ಗಳಿಯಲ್ಲಿ? ನಿಮ್ಮ ಧನುರ್ಮಾಸ?"

"ಆಗಲೂ ಇಲ್ಲ."

"ಒಳ್ಳೆಯ ಹೊಟ್ಟೆ. ಪಂಚಾಂಗ ನೋಡಿಕೊಂಡು ನೋಯುತ್ತೆ." ನಗಲಿಲ್ಲ, ಚೀಟಿಗಳನ್ನು ಜೋಡಿಸಿಕೊಟ್ಟರು. "ಮುಹೂರ್ತ ಇಲ್ಲದ ತಿಂಗಳಲ್ಲಿ ನೋವೂ ಇಲ್ಲ. ನೋವು ನಿಜ. ಆದರೆ ಕಾಯಿಲೆ ಹೊಟ್ಟೆಯದಲ್ಲ, ಹೆದರಿಕೆಯದು."

ಮದುವೆಗೆ ಉಳಿದಿದ್ದ ಹತ್ತೊಂಬತ್ತು ದಿನವೂ ಅವರು ಹೇಳಿದ್ದನ್ನು ನಾನು ಅಂಗಡಿಯ ಅಳತೆ ಪುಸ್ತಕದಲ್ಲೇ ಬರೆದುಕೊಂಡೆ. ಒಂದೇ ಸಲ ಮಂಟಪಕ್ಕೆ ನುಗ್ಗಬೇಡಿ, ಚಿಕ್ಕ ಹೆದರಿಕೆಯಿಂದ ಶುರುಮಾಡಿ. ಹೆದರಿಕೆ ಏರುವಾಗ ಓಡಬೇಡಿ. ಓಡಿದರೆ ಓಡಿದ್ದರಿಂದಲೇ ಬದುಕಿದೆ ಎಂದು ಮನಸ್ಸು ಕಲಿತುಬಿಡುತ್ತದೆ. ನಿಂತರೆ ಅದು ಏರಿ, ತಾನಾಗಿಯೇ ಇಳಿಯುತ್ತದೆ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ನಿಮ್ಮೊಳಗೇ ನೋಡಿಕೊಳ್ಳಬೇಡಿ, ಹೊರಗೆ ನೋಡಿ.

"ಹೊರಗೆ ಏನು ನೋಡಲಿ?"

"ನಿಮಗೆ ಏನು ಚೆನ್ನಾಗಿ ನೋಡೋಕೆ ಬರುತ್ತೆ?"

"ಹೊಲಿಗೆ."

"ಅದನ್ನೇ ನೋಡಿ. ಆದರೆ ಅಲ್ಲೇ ನಿಲ್ಲಬೇಡಿ. ಹೊಲಿಗೆಯಿಂದ ಕಾಲರ್‌ಗೆ, ಕಾಲರ್‌ನಿಂದ ಮುಖಕ್ಕೆ ಬನ್ನಿ."

ಮೊದಲ ಹೆಜ್ಜೆಯಾಗಿ ಯಂತ್ರವನ್ನು ಬೀದಿಯ ಕಡೆ ತಿರುಗಿಸಿದೆ. ಅವತ್ತು ಹನ್ನೊಂದು ಜನ ಒಳಗೆ ಬಂದು, ಹಳೆಯ ದರ್ಜಿ ಅಂಗಡಿ ಮಾರಿಬಿಟ್ಟನಾ ಎಂದು ನನ್ನನ್ನೇ ಕೇಳಿದರು. ನಾಲ್ಕನೆಯ ದಿನ ಟೀ ಅಂಗಡಿಯ ಹೊರಗೆ ನಿಲ್ಲದೆ ಒಳಗಿನ ಬೆಂಚಿನಲ್ಲಿ ಕುಳಿತೆ. ಲೋಟದಲ್ಲಿದ್ದ ಟೀ ಅರ್ಧ ಪಂಚೆಗೆ ಹೋಯಿತು. ಪಕ್ಕದವನು ತಲೆ ಎತ್ತದೆ ಪೇಪರ್ ಓದುತ್ತಿದ್ದ. ಎದೆ ಬಡಿದುಕೊಳ್ಳುವುದು ನಿಲ್ಲುವವರೆಗೂ ಕೂತೆ. ಹದಿನೈದು ನಿಮಿಷವಾಗಿರಬೇಕು. ನಿಂತಿತು. ನನಗೆ ಆಶ್ಚರ್ಯವಾಯಿತು, ಏಕೆಂದರೆ ಅದು ನಿಲ್ಲುವವರೆಗೆ ನಾನು ಎಂದೂ ಒಂದು ಕಡೆ ಕೂತಿರಲಿಲ್ಲ.

ಮೂರನೆಯದು ಪಕ್ಕದ ಬೀದಿಯ ಮಗುವಿನ ನಾಮಕರಣ. ಎಲ್ಲೆಲ್ಲೂ ಕೇಳುವ ಪ್ರಶ್ನೆ ಒಂದೇ: ನಿನ್ನ ಮದುವೆ ಯಾವಾಗ? ಅದಕ್ಕೊಂದು ಚಿಕ್ಕ ಉತ್ತರ ಮೊದಲೇ ಇಟ್ಟುಕೊಳ್ಳಿ ಎಂದು ನರ್ಸಮ್ಮ ಹೇಳಿದ್ದರು. ದರ್ಜಿಗೆ ತಕ್ಕ ಉತ್ತರವೊಂದನ್ನು ಎರಡು ದಿನ ಬಾಯಿಪಾಠ ಮಾಡಿದೆ. ಹೋಗಿ ಕುಳಿತ ಐದು ನಿಮಿಷಕ್ಕೆ ಎದುರಿನ ಅಜ್ಜಿ ಕೇಳಿತು: "ಯಾವಾಗ್ಲಾ ಆಯ್ತದ?"

ನಾನು ಕೂಡಲೇ ಹೇಳಿದೆ: "ಸರಿಯಾದ ಅಳತೆ ಸಿಕ್ಕನಿಲ್ಲ ಕಣವ್ವ, ಸಿಕ್ದಾಗ ಆಯ್ತದ."

"ಓದ್ವಾರ ನೀನೇ ಟೇಪು ಇಡ್ದು ಬರ್ಕಂಡ್ಯಲ್ಲ!" ಅಜ್ಜಿಯ ದನಿ ಜೋರಾಯಿತು. "ಒಂದು ವಾರದಲ್ಲಿ ನಾನೇನು ಊದ್ಕಬುಟ್ಟನಾ? ನನ್ ರವ್ಕ ಯಾವಾಗ ಆಯ್ತದ ಏಳ್ಲಾ!"

ಮನೆಯೆಲ್ಲ ನಕ್ಕಿತು. ಜೀವಮಾನವಿಡೀ ನಾನು ಹೆದರಿದ್ದು ಇದಕ್ಕೇ. ಬಾಗಿಲ ಕಡೆ ನೋಡಿದೆ, ಉಸಿರು ಬಿಟ್ಟೆ, ಕುಳಿತೇ ಇದ್ದೆ. ಸೂಜಿಗೆ ದಾರ ಪೋಣಿಸುವಷ್ಟು ಹೊತ್ತಿನಲ್ಲಿ ನಗು ಮುಗಿದು, ಮಗುವಿನ ಮೂಗು ಯಾರ ಹಾಗಿದೆ ಎಂಬ ಜಗಳ ಶುರುವಾಗಿತ್ತು.

ಮದುವೆಯ ದಿನ ಜನ ಸೇರುವ ಮೊದಲೇ ಹೋಗಿ, ಒಂದು ಕೆಲಸ ಹಿಡಿದುಕೊಳ್ಳಿ ಎಂಬುದು ಕೊನೆಯ ಸಲಹೆ. ಆರು ಗಂಟೆಗೇ ಮಂಟಪದಲ್ಲಿದ್ದೆ. ಖಾಲಿ ಮಂಟಪ ನನಗೆ ಹೆದರಿಕೆ ಹುಟ್ಟಿಸಲಿಲ್ಲ. ಆಮೇಲೆ ಜನ ಒಬ್ಬೊಬ್ಬರಾಗಿ ಬಂದಾಗ, ಬಂದವರು ಅವರು, ಇದ್ದವನು ನಾನು ಎಂಬ ಹಾಗಾಯಿತು. ಹಳೆಯ ಅಂಗಿ ತೊಟ್ಟು, ಪಂಚೆ ಮೇಲೆ ಕಟ್ಟಿ, ನಾಷ್ಟದ ಪಂಕ್ತಿಗೆ ಸಾಂಬಾರಿನ ಬಕೆಟ್ ಹಿಡಿದೆ.

ಗಂಡಿನ ದೊಡ್ಡಪ್ಪ ನನ್ನನ್ನು ಅಡುಗೆಯವರ ಆಳು ಎಂದುಕೊಂಡರು.

"ಏ ಸಾಂಬಾರು, ಈ ಕಡೆ ಬಾರ್ಲಾ!"

ಹೋದೆ. ಬಡಿಸಿದೆ.

"ಈ ಎಣ್ಣಿನ ಸ್ವಾದರಮಾವ ಅಂತ ಒಬ್ಬ ಅವ್ನಂತಲ್ಲ, ಯಾವ ಮದ್ವಗೂ ಬರಲ್ವಂತಲ್ಲ. ಬಂದವ್ನಾ?"

ನಾನೇ ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದು: "ಬತ್ತಾನ."

"ನೀನು ಕಂಡಿದ್ದೀಯಾ ಅವನ್ನ?"

"ದಿನಾ ಕಾಣ್ತಿನಿ."

"ಎಂಗವ್ನ?"

"ಸುಮಾರಾಗವ್ನ," ಎಂದು ಮುಂದಿನ ಎಲೆಗೆ ಸರಿದೆ.

ಬಕೆಟ್ಟಿನ ಹಿಂದೆ ಇರುವುದು ಬಹಳ ಸುಖವಾಗಿತ್ತು. ಎಷ್ಟು ಸುಖ ಎಂದರೆ, ಮುಹೂರ್ತ ಹತ್ತಿರವಾದರೂ ನಾನು ಬಟ್ಟೆ ಬದಲಿಸಲು ಹೋಗಲಿಲ್ಲ. ಆಗ ಮೈಕು ಕೂಗಿತು. ಮೈಕಿನವನು ಸತ್ಯಮಂಗಲದವನು, ತಮಿಳಿನಲ್ಲೇ ಕೂಗುತ್ತಿದ್ದ: "ತಾಯ್ ಮಾಮನ್ ಎಂಗಿರುಂದಾಲುಂ ಉಡನೆ ಮೇಡೈಕ್ಕು ವರವುಂ!" ಸೋದರಮಾವ ಎಲ್ಲಿದ್ದರೂ ಕೂಡಲೇ ವೇದಿಕೆಗೆ ಬರಬೇಕು. ಕಳೆದುಹೋದ ಮಕ್ಕಳನ್ನು ಕೂಗುವ ದನಿ ಅದು.

ಕಾಲುಗಳು ನನ್ನನ್ನು ಉಗ್ರಾಣಕ್ಕೆ ಕರೆದೊಯ್ದವು. ಕುಂಬಳಕಾಯಿಗಳ ನಡುವೆ ಬಕೆಟ್ ಹಿಡಿದು ನಿಂತೆ. ಹಿಂದಿನ ಬಾಗಿಲು ತೆರೆದಿತ್ತು, ಅದರಾಚೆ ಬಸ್ ನಿಲ್ದಾಣ. ಮೈಕು ಎರಡನೆಯ ಸಲ ಕೂಗಿತು. ಕಿಟಕಿಯಿಂದ ಅಕ್ಕ ಕಂಡಳು. ವೇದಿಕೆಯ ಪಕ್ಕ ನಿಂತು ಯಾರಿಗೋ ನಗುತ್ತಾ ಉತ್ತರ ಹೇಳುತ್ತಿದ್ದಳು. ಆ ನಗುವಿನ ಹೊಲಿಗೆ ಬಿಡುತ್ತಿತ್ತು.

ಉಸಿರು ಬಿಟ್ಟೆ. ಆರು ಸಲ ಬಿಟ್ಟೆ. ಹೆದರಿಕೆ ಪೂರ್ತಿ ಹೋಗಲಿಲ್ಲ, ಏರುವುದನ್ನು ನಿಲ್ಲಿಸಿತು ಅಷ್ಟೆ. ಅಷ್ಟರಲ್ಲೇ ಹೋಗಬೇಕು, ಪೂರ್ತಿ ಹೋಗಲಿ ಎಂದು ಕಾಯಬಾರದು ಎಂದು ನರ್ಸಮ್ಮ ಹೇಳಿದ್ದರು. ಬಕೆಟ್ಟನ್ನು ಕೆಳಗಿಟ್ಟೆ.

ಹೊಸ ಜುಬ್ಬ ತೊಡಲು ಹೊತ್ತಿರಲಿಲ್ಲ. ಸಾಂಬಾರಿನ ಕಲೆಯ ಅಂಗಿಯಲ್ಲೇ ಹೋಗಿ ಸೊಸೆಯ ಕೈ ಹಿಡಿದೆ. ನನ್ನ ಕೈ ಒದ್ದೆಯಾಗಿತ್ತು.

"ಬಂದ್ಯಾ ಮಾವ," ಎಂದಳು, ತುಟಿ ಅಲುಗಿಸದೆ. "ಒಗ್ಗರಣೆ ವಾಸ್ನ ಬತ್ತಾ ಅದ."

ವೇದಿಕೆಗೆ ಮೂವತ್ತು ಹೆಜ್ಜೆ. ನಾನು ಹೊಲಿಗೆ ನೋಡುತ್ತಾ ನಡೆದೆ. ಎಡಗಡೆ ನಾನೇ ಹೊಲಿದ ಹಸಿರು ರವಿಕೆ, ತೋಳು ಸ್ವಲ್ಪ ಬಿಗಿ. ಅಲ್ಲಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ: ನಾಮಕರಣದ ಅಜ್ಜಿ. ಅದು ನನ್ನನ್ನು ನೋಡುತ್ತಿರಲಿಲ್ಲ, ಹೆಣ್ಣಿನ ಸರ ನೋಡುತ್ತಿತ್ತು. ಅದರಾಚೆಯವಳೂ ಸರವನ್ನೇ ನೋಡುತ್ತಿದ್ದಳು. ನಾನೂರು ಕಣ್ಣಿನಲ್ಲಿ ನನ್ನ ಮೇಲೆ ನೆಟ್ಟಿದ್ದದ್ದು ಎರಡೇ, ಗಂಡಿನ ದೊಡ್ಡಪ್ಪನದು. ಅವರ ಬಾಯಿ ತೆರೆದಿತ್ತು.

ಹಸೆಯ ಮೇಲೆ ಅವಳನ್ನು ಕೂರಿಸಿ, ಪಕ್ಕದಲ್ಲೇ ನಿಂತೆ, ತಾಳಿ ಕಟ್ಟುವವರೆಗೂ. ಮೊಣಕಾಲು ನಡುಗುತ್ತಲೇ ಇತ್ತು. ಪಂಚೆಯೊಳಗೆ ನಡುಗಿದರೆ ಕಾಣುವುದಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ನೆಂಟರ ಗುಂಪೊಂದು ಅಕ್ಕನನ್ನು ಸುತ್ತಿಕೊಂಡು ನನ್ನ ಕಡೆ ಕೈ ತೋರಿಸಿ ಮಾತಾಡುವುದು ಕಂಡಿತು. ಜನ ಆಡಿಕೊಳ್ಳಲು ಶುರುಮಾಡಿಯೇಬಿಟ್ಟರು ಎಂದುಕೊಂಡೆ. ಆದರೂ ಹತ್ತಿರ ಹೋಗಿ ಕೇಳಿದೆ: "ಏನಂತಕ್ಕ?"

"ನಿನ್ನ ಮೇಲೆ ದೂರು ಕಣ್ಲಾ." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ನಕ್ಕು ನಕ್ಕು. "ಬೆಳಗ್ಗೆ ಕೊನೇ ಪಂಕ್ತಿಯೋರ್ಗ ಬರೀ ಇಡ್ಲಿ ಆಕಿ, ಸಾಂಬಾರು ತತ್ತಿನಿ ಅಂತ ಓದೋನು ವಾಪಸ್ಸೇ ಬರ್ನಿಲ್ಲವಂತ."