ಅಕ್ಕನ ಎಡಗೆನ್ನೆ

ಅರವತ್ತರ ದಶಕದ ಆ ಬೇಸಿಗೆಯಲ್ಲಿ ಸಾಗರದ ನಮ್ಮ ಮನೆಯ ಹಿಂದಿನ ಕೋಣೆಗೆ ನಾಟಕ ಕಂಪನಿಯ ನಟಿಯೊಬ್ಬರು ಬಾಡಿಗೆಗೆ ಬಂದರು. ಹುಬ್ಬಳ್ಳಿ ಕಡೆಯವರು. ನನಗಾಗ ಹದಿನೈದು ವರ್ಷ. ಕಂಡದ್ದಕ್ಕೆಲ್ಲ ಯಾಕೆ ಎಂದು ಕೇಳುವ ಚಾಳಿ. ಒಂದು ಬೆಳಿಗ್ಗೆ ಅವರು ಕಿಟಕಿಯ ಬೆಳಕಿಗೆ ಕೂತು, ಮಡಚುವ ಪುಟ್ಟ ಕ್ಷೌರದ ಕತ್ತಿಯಿಂದ ಸ್ವಂತ ಕೆನ್ನೆ ಹೆರೆಯುವುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟೆ. ಹೆಂಗಸಿಗೂ ಗಡ್ಡವೇ?

ಗಡ್ಡವಲ್ಲ, ಎಲ್ಲರ ಮುಖದಲ್ಲೂ ಇರುವ ತುಪ್ಪುಳಿನಂಥ ಕೂದಲು ಅಂದರು ಅವರು. ವೇಷದ ಬಣ್ಣ ಅದಕ್ಕೆ ಅಂಟಿಕೊಂಡು ಹಿಟ್ಟು ಹಿಟ್ಟಾಗಿ ಕಾಣುತ್ತದಂತೆ. ತೆಗೆದರೆ ಸಮನಾಗಿ ಕೂರುತ್ತದಂತೆ. ಮುಖ ತೊಳೆದು ಒರೆಸಿ, ಒಂದು ಕೈಯಿಂದ ಚರ್ಮ ಬಿಗಿಹಿಡಿದು, ಕತ್ತಿಯನ್ನು ಓರೆಯಾಗಿಟ್ಟು ಕೂದಲು ಬೆಳೆದ ದಿಕ್ಕಿಗೇ ಚಿಕ್ಕ ಚಿಕ್ಕದಾಗಿ ಎಳೆಯುತ್ತಿದ್ದರು. ಮೊಡವೆ ಇದ್ದ ಕಡೆ ಕತ್ತಿ ತಾಗಿಸುತ್ತಿರಲಿಲ್ಲ. ಕತ್ತಿಯ ಮೇಲೆ ಕೂದಲಿನ ಜೊತೆ ಬಿಳಿ ಪುಡಿಯೂ ಬರುತ್ತಿತ್ತು. ಅದು ಸತ್ತ ಚರ್ಮ; ಅದು ಹೋದರೆ ಮುಖ ನಾಲ್ಕು ದಿನ ಹೊಳೆಯುತ್ತದೆ, ಆದರೆ ಮೈಬಣ್ಣವೇನೂ ಬಿಳಿಯಾಗುವುದಿಲ್ಲ ಎಂದು ನಕ್ಕರು.

ಇದನ್ನೆಲ್ಲ ನಾನು ಅಕ್ಕನಿಗೆ ಹೇಳದೆ ಇರುತ್ತೇನೆಯೇ? ಅಕ್ಕನಿಗೆ ಹೊಸನಗರದ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು, ಇನ್ನು ಆರು ವಾರವಿತ್ತು. ಅವಳ ಕೆನ್ನೆಯ ಮೇಲೆ ಪೌಡರ್ ನಿಲ್ಲದೆ ಬಿಳಿಬಿಳಿಯಾಗಿ ಕಾಣುವುದು ಅವಳ ದೊಡ್ಡ ಕೊರಗು. ಮಧ್ಯಾಹ್ನ ಅಪ್ಪನ ಡಬ್ಬಿಯಿಂದ ಹೊಸ ಬ್ಲೇಡು ತೆಗೆದು, ಉಸಿರು ಬಿಗಿಹಿಡಿದು ಅವಳ ಎಡಗೆನ್ನೆ ಮುಗಿಸಿದೆ. ಬಲಗೆನ್ನೆಗೆ ಕೈ ಹಾಕುವಷ್ಟರಲ್ಲಿ ಅಮ್ಮ ಬಂದರು.

ಅಮ್ಮ ನನಗೆ ಹೊಡೆಯಲಿಲ್ಲ. ನೆಲದ ಮೇಲೆ ಕುಸಿದು ಕೂತರು. ಬೋಳಿಸಿದ ಜಾಗದಲ್ಲಿ ಕರಿ ಗಡ್ಡ ಬಂದೇ ಬರುತ್ತದೆ, ಅದೂ ಒಂದೇ ಕೆನ್ನೆಗೆ, ಹೊಸನಗರದವರು ನೋಡಿದರೆ ಮದುವೆ ಮುರಿಯುತ್ತಾರೆ ಎಂದು ಅತ್ತರು. ಆಮೇಲೆ ಸೋಂಕಾಗದಿರಲಿ ಎಂದು ಅಕ್ಕನ ಕೆನ್ನೆಗೆ ನಿಂಬೆರಸ ಕಲಸಿದ ಅರಿಶಿನ ಮೆತ್ತಿದರು. ಉರಿ ತಡೆಯಲಾರದೆ ಅಕ್ಕ ಅಂಗಳವೆಲ್ಲ ಓಡಾಡಿದಳು. ಕೆನ್ನೆ ಎರಡು ದಿನ ಕೆಂಪಗಿತ್ತು. ಆ ಕೆಂಪು ಬ್ಲೇಡಿನದಲ್ಲ, ನಿಂಬೆಯದು ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ದಿನಾ ಬೆಳಿಗ್ಗೆ ಅಮ್ಮ ಅವಳನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಕೆನ್ನೆ ಸವರಿ ನೋಡುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಬೆರಳಿಗೆ ಏನೋ ಚುಚ್ಚಿತು. ಅಕ್ಕ ಊಟ ಬಿಟ್ಟಳು. ಗಡ್ಡದ ಹೆಣ್ಣಾಗಿ ಹಸೆಮಣೆ ಏರಲಾರೆ, ಮದುವೆಯೇ ಬೇಡ ಅಂದಳು. ನನ್ನ ಕುತೂಹಲದಿಂದ ಅಕ್ಕನ ಬಾಳು ಹಾಳಾಯಿತೆಂದು ನಾನು ಹೆದರಿ ಸತ್ತೆ.

ಕಂಪನಿ ಮರುದಿನ ತೀರ್ಥಹಳ್ಳಿಗೆ ಹೊರಡಲಿತ್ತು. ಪೆಟ್ಟಿಗೆ ಕಟ್ಟುತ್ತಿದ್ದ ನಟಿಯ ಮುಂದೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ನನ್ನ ಕೈ ಹಿಡಿದು ತಮ್ಮ ಗಲ್ಲದ ಮೇಲಿಟ್ಟರು. ಅಲ್ಲೂ ಸಣ್ಣಗೆ ಚುಚ್ಚಿತು.

"ಹನ್ನೆರಡು ವರ್ಷದಿಂದ ತಗೀತೀನಿ, ಎಲ್ಲೈತಿ ಗಡ್ಡ?" ಅಂದರು. "ಬೇರು ಚರ್ಮದ ಒಳಗ ಐತವ್ವ, ಕತ್ತಿಗೆ ಅದರ ಸುದ್ದೀನ ಗೊತ್ತಿಲ್ಲ. ಕೊಯ್ದ ತುದಿ ಮೊಂಡ ಇರ್ತೈತಿ, ಅದಕ್ಕ ಚುಚ್ಚತೈತಿ. ಒಂದು ತಿಂಗಳು ತಡಿರಿ."

ಮನೆಯಲ್ಲಿ ಯಾರೂ ನಂಬಲಿಲ್ಲ. ನಾಟಕದವರ ಮಾತು ಎಂದರು ಅಮ್ಮ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ, ಆದರೆ ನೋಡಬೇಕೆಂಬ ಆಸೆ ಇತ್ತು. ಅಕ್ಕ ನಿದ್ದೆಯಲ್ಲಿದ್ದಾಗ ಎರಡೂ ಕೆನ್ನೆ ಮುಟ್ಟಿ ಮುಟ್ಟಿ ಹೋಲಿಸುತ್ತಿದ್ದೆ. ದಿನ ಕಳೆದಂತೆ ಚುಚ್ಚುವುದು ಕಡಿಮೆಯಾಯಿತು. ಬಂದ ಕೂದಲು ಮೊದಲಿನ ಹಾಗೇ ಮೆತ್ತಗೆ, ಬಣ್ಣವಿಲ್ಲದ್ದು.

ಮದುವೆಗೆ ಮೂರು ದಿನ ಇದ್ದಾಗಲೂ ಅಕ್ಕ ಹಸೆಮಣೆ ಏರಲಾರೆ ಎಂದೇ ಅನ್ನುತ್ತಿದ್ದಳು. ನೆಂಟರು ಬರುವ ಮುಂಚೆ ಅಮ್ಮ ಕೊನೆಯ ಸಲ ಅವಳನ್ನು ಕಿಟಕಿಗೆ ಕರೆದರು. ಬಹಳ ಹೊತ್ತು ಸವರಿದರು. ಕಿವಿಯ ಹತ್ತಿರ ಒಂದು ಉದ್ದನೆಯ ಕೂದಲು ಸಿಕ್ಕಿತು. ಅಮ್ಮನ ಕಣ್ಣು ತುಂಬಿ ಬಂತು.

"ನೋಡು, ಇದೇ. ನಾ ಹೇಳ್ಲಿಲ್ವಾ, ಬೋಳಿಸಿದ ಕೆನ್ನೇಲೇ ಬಂದಿದೆ."

ಅಕ್ಕ ಅಮ್ಮನ ಕೈಯನ್ನೇ ನೋಡಿದಳು. ತಿಂಗಳ ಮೇಲೆ ಮೊದಲ ಸಲ ಅವಳ ಬಾಯಿಂದ ನಗು ಬಂತು, ಜೊತೆಗೆ ಅಳುವೂ ಬಂತು.

"ಅಮ್ಮಾ, ಅದು ಬಲಗೆನ್ನೆ. ಅದನ್ನ ಯಾರೂ ಮುಟ್ಟೇ ಇಲ್ಲ."

ಅಮ್ಮ ಇನ್ನೊಂದು ಕೆನ್ನೆ ಮುಟ್ಟಿದರು, ಮತ್ತೆ ಇದನ್ನು ಮುಟ್ಟಿದರು. ಆಮೇಲೆ ಒಳಗೆ ಹೋಗಿ, ಅಪ್ಪನ ಡಬ್ಬಿಯಿಂದ ಹೊಸ ಬ್ಲೇಡು ತಂದು ನನ್ನ ಕೈಗೆ ಕೊಟ್ಟರು. ಬಾಗಿಲು ಹಾಕಿಕೊಂಡು ಎರಡೂ ಕೆನ್ನೆ ಸಮ ಮಾಡು ಅಂದರು.