ಚೀಟಿಯ ಮೇಲಿನ 4/5

ಗಜೇಂದ್ರಗಡದ ಕೈಮಗ್ಗದ ಸಂಘವೊಂದಕ್ಕೆ ಆರ್ಡರ್ ಚೀಟಿ ಮುದ್ರಿಸುವ ವೆಬ್ ಪುಟವನ್ನು ರೋಣದ ನಮ್ಮ ಮನೆಯಲ್ಲಿ ಕೂತು ಬರೆದುಕೊಟ್ಟವಳು ನಾನು. ಯಾವ ಸೀರೆ, ಎಷ್ಟು, ಯಾವ ತಾರೀಖಿಗೆ, ಒಟ್ಟು ಬೆಲೆ ಏನು ಎಂಬುದಷ್ಟೇ ಅದರಲ್ಲಿರುತ್ತಿತ್ತು. ಅದಕ್ಕೆ ಮುಂಚೆ ಸಂಘದ ವ್ಯವಸ್ಥಾಪಕರು ತಾರೀಖು ಬರೆಯುತ್ತಲೇ ಇರಲಿಲ್ಲ. ಐದನೇ ಸಂತಿಗೆ ತರ್ರಿ ಎನ್ನುತ್ತಿದ್ದರು. ನೇಕಾರರು ವಾರದ ಸಂತೆಗಳನ್ನು ಬೆರಳಲ್ಲಿ ಎಣಿಸಿಕೊಂಡು ಹೋಗುತ್ತಿದ್ದರು. ಇದು ಅಚ್ಚುಕಟ್ಟಲ್ಲವೆಂದು ಆ ರೂಢಿಯನ್ನು ನಿಲ್ಲಿಸಿದವಳೂ ನಾನೇ.

ಏಪ್ರಿಲ್ ಎರಡನೇ ವಾರ ವ್ಯವಸ್ಥಾಪಕರು ಫೋನ್ ಮಾಡಿದರು. ಒಬ್ಬ ನೇಕಾರ್ತಿ ಚೀಟಿ ತಪ್ಪೆಂದು ಜಗಳ ತೆಗೆದಿದ್ದಾಳೆ, ಬಂದು ಅವಳಿಗೆ ಓದಿ ಹೇಳಿ ಎಂದರು. ಅಕ್ಷರ ಗೊತ್ತಿಲ್ಲದವರಿಗೆ ಕಂಪ್ಯೂಟರ್ ಚೀಟಿ ಕೊಟ್ಟರೆ ಹೀಗೇ ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ, ಆದರೆ ಒಳಗೊಳಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮರುದಿನ ಬಸ್ ಹಿಡಿದು ಹೋದೆ. ಐವತ್ತು ದಾಟಿದ ಹೆಂಗಸು, ಮಡಿಲಲ್ಲಿ ಮೂರು ಸೀರೆ ಇಟ್ಟುಕೊಂಡು ಸಂಘದ ಬೆಂಚಿನ ಮೇಲೆ ಕೂತಿದ್ದರು. ಆರ್ಡರಿನ ನಾಲ್ಕನೆಯದು ಇನ್ನೂ ಮಗ್ಗದ ಮೇಲಿತ್ತು. ತಡವಾಯಿತೆಂದು ಸಂಘದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಗುರುತು ಬಿದ್ದಿತ್ತು, ಅದು ಎರಡನೆಯದು. ಎರಡು ಗುರುತು ಬಿದ್ದವರಿಗೆ ಸಂಘ ನೂಲು ಕೊಡುವುದಿಲ್ಲ.

"ಇದರಾಗ ಏನೈತಿ ಓದವಾ," ಎಂದು ಚೀಟಿ ಚಾಚಿದರು. ತಾರೀಖಿನ ಜಾಗದಲ್ಲಿ 4/5, ಮುಂದೆ ವರ್ಷ ಇತ್ತು.

"ಮೇ ನಾಲ್ಕು," ಎಂದೆ.

"ನಾನೂ ಹಂಗs ಓದೇನಿ. ಇವರು ಏಪ್ರಿಲ್ ಐದು ಅಂತಾರ."

ವ್ಯವಸ್ಥಾಪಕರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ದಾಖಲೆಯಲ್ಲಿದ್ದದ್ದು ಏಪ್ರಿಲ್ ಐದೇ. ಮಾರ್ಚಿನಲ್ಲಿ ತಂದ ಹೊಸ ಕಂಪ್ಯೂಟರ್ ಅದು. ಸೆಟ್ಟಿಂಗ್ ತೆರೆದು ನೋಡಿದೆ: ಭಾಷೆ ಇಂಗ್ಲಿಷ್, ಅಮೆರಿಕ. ಬ್ರೌಸರೂ ಅದನ್ನೇ ಹಿಡಿದಿತ್ತು.

ಆಗ ನನ್ನ ತಪ್ಪು ನನಗೇ ಕಂಡಿತು. ತಾರೀಖು ತೋರಿಸಲು toLocaleDateString() ಎಂದು ಬರೆದು ಆವರಣವನ್ನು ಖಾಲಿ ಬಿಟ್ಟಿದ್ದೆ. ಯಾವ ಪ್ರದೇಶದ ರೂಢಿ ಎಂದು ಹೇಳದಿದ್ದರೆ ಅದು ತಾನು ಓಡುವ ಬ್ರೌಸರಿನ ರೂಢಿಯನ್ನೇ ಅನುಸರಿಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಭಾರತದ ಇಂಗ್ಲಿಷ್ ಇತ್ತು, ದಿನ ಮೊದಲು ಬರುತ್ತಿತ್ತು. ನಾನು ಅಲ್ಲಿ ಮಾತ್ರ ಪರೀಕ್ಷಿಸಿದ್ದೆ. ಇಲ್ಲಿ ತಿಂಗಳು ಮೊದಲು ಬಂದಿತ್ತು.

ನನ್ನ ಸಿಟ್ಟು ನನ್ನ ಮೇಲೇ ನಿಲ್ಲುತ್ತಿತ್ತೇನೋ, ಉಳಿದ ಚೀಟಿಗಳನ್ನು ನೋಡದಿದ್ದರೆ. ಉಳಿದ ಚೀಟಿಗಳ ನಕಲು ಕೇಳಿದೆ. ಫೈಲಿನಲ್ಲಿ ದೊಡ್ಡ ಆರ್ಡರೊಂದರ ಬೆಲೆ 1,40,000 ಎಂದಿರಬೇಕಾದದ್ದು 140,000 ಎಂದಿತ್ತು. ಅದರ ಕೆಳಗಿನ ಚೀಟಿಯಲ್ಲಿ 3/28 ಎಂಬುದನ್ನು ಪೆನ್ನಿನಿಂದ ಹೊಡೆದು 28/3 ಎಂದು ಬರೆಯಲಾಗಿತ್ತು. ಮುಂದಿನದರಲ್ಲಿ 3/30, ಅದೂ ತಿದ್ದಿದ್ದು. ಅಕ್ಷರ ವ್ಯವಸ್ಥಾಪಕರದೇ.

"ನಿಮಗ ಗೊತ್ತಿತ್ತು," ಎಂದೆ.

"ಇಪ್ಪತ್ತೆಂಟನೇ ತಿಂಗಳು ಎಲ್ಲೈತ್ರಿ? ಕಂಡದ್ದನ್ನ ತಿದ್ದೇನಿ. 4/5 ಸರಿನs ಕಂಡ್ತು, ಬಿಟ್ಟೆ."

"ನನಗ ಒಂದು ಫೋನ್ ಮಾಡಬೇಕಿತ್ತಲ್ರಿ."

"ಸಣ್ಣದಕ್ಕೆಲ್ಲ ನಿಮಗ ಯಾಕ ತ್ರಾಸ ಕೊಡೂದು ಅಂದೆ, ಮೇಡಂ."

ನಾನು ಜೋರಾಗಿ ಮಾತಾಡುವವಳಲ್ಲ. ಅಂದೂ ಆಡಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ನನ್ನ ಕೋಡ್ ತೆರೆದೆ. ತಾರೀಖಿಗೆ Intl.DateTimeFormat ಬಳಸಿ kn-IN, ಅಂದರೆ ಭಾರತದ ಕನ್ನಡ, ಎಂದು ಸ್ಪಷ್ಟವಾಗಿ ಕೊಟ್ಟೆ. dateStyle ಎಂಬುದನ್ನು full ಮಾಡಿದೆ. ಯಾವ ಕಂಪ್ಯೂಟರಾದರೂ ವಾರ, ತಿಂಗಳು ಎರಡೂ ಕನ್ನಡ ಅಕ್ಷರದಲ್ಲೇ ಬರುವಂತಾಯಿತು. ಬೆಲೆಗೆ Intl.NumberFormat, en-IN, ಕರೆನ್ಸಿ INR. ಅಲ್ಪವಿರಾಮ ಲಕ್ಷದ ಜಾಗಕ್ಕೆ ಮರಳಿತು. ಹತ್ತು ನಿಮಿಷದ ಕೆಲಸ. ಮೊದಲೇ ಮಾಡಿದ್ದರೂ ಹತ್ತೇ ನಿಮಿಷ ಹಿಡಿಯುತ್ತಿತ್ತು.

ಇನ್ನು ಕೆಂಪು ಗುರುತು ತೆಗೆಯಿರಿ ಎಂದೆ. ಪುಸ್ತಕದಲ್ಲಿ ಬಿದ್ದದ್ದು ಬಿತ್ತು, ಮುಂದಿನವರಿಗೆ ಸರಿಯಾಯಿತಲ್ಲ ಎಂದರು ವ್ಯವಸ್ಥಾಪಕರು. ಆ ಎರಡು ತಿದ್ದಿದ ಚೀಟಿಗಳನ್ನು ಅವರ ಎದುರಿಗೇ ಫೋನಿನಲ್ಲಿ ಫೋಟೊ ತೆಗೆದುಕೊಂಡೆ. ಅಲ್ಲೇ ಕೂತು ಸಂಘದ ಕಮಿಟಿಗೆ ಪತ್ರ ಬರೆದೆ. ಮೊದಲ ಸಾಲಿನಲ್ಲಿ ನನ್ನ ತಪ್ಪು, ಎರಡನೆಯದರಲ್ಲಿ ಅವರದು.

ಕಮಿಟಿ ಕೂಡಲು ಹದಿನೈದು ದಿನ ಹಿಡಿಯಿತು. ಗುರುತು ಹೋಯಿತು. ಅಷ್ಟರಲ್ಲಿ ಆ ನೇಕಾರ್ತಿಯ ಪಾಲಿನ ನೂಲು ಬೇರೆ ಮನೆಗೆ ಹೋಗಿತ್ತು, ನಾಲ್ಕನೇ ಸೀರೆ ಇಳಿಸಿದ ಮೇಲೆ ಮಗ್ಗ ಖಾಲಿ ನಿಂತಿತ್ತು. ಹೊಸ ಆರ್ಡರಿನ ಚೀಟಿ ಕೊಡಲು ಅವರ ಮನೆಗೆ ನಾನೇ ಹೋದೆ. ಬೆಳಕಿಗೆ ಹಿಡಿದು ವಾರ, ತಿಂಗಳು, ದಿನ ನಿಧಾನವಾಗಿ ಓದಿದರು. ಆಮೇಲೆ ಬೆರಳು ಮಡಚಿ ಸಂತೆ ಎಣಿಸಿದರು.

"ಏಳನೇ ಸಂತಿ ಆದ ಮರುದಿನ. ನಿನ್ನ ಕಂಪ್ಯೂಟರ್ ಪೆಟ್ಟಿಗಿ ಬರೂಕಿಂತ ಮೊದಲ ಸಂಘದವರು ಬಾಯಲ್ಲೇ ಇಷ್ಟು ಹೇಳತಿದ್ರವಾ," ಎಂದರು.

ಚಹಾ ಕೊಟ್ಟರು. ಕುಡಿದು ಎದ್ದೆ.