ಓಬಳಪ್ಪ ಬರೆಸಿದ ಎರಡು ಉತ್ತರ

ಶಿರಾದಲ್ಲಿ ನಾಗಲಿಂಗಯ್ಯನವರ ಕಡಲೆಕಾಯಿ ಎಣ್ಣೆ ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಓಬಳಪ್ಪ. ಮಿಡಿಗೇಶಿ ಹತ್ತಿರದ ಗೊಲ್ಲರಹಟ್ಟಿಯವನು. ಅಪ್ಪ ಜುಂಜಪ್ಪನ ಕುರಿಮಂದೆ ಇಬ್ಬರು ಅಣ್ಣಂದಿರಿಗೇ ಸಾಲದಾದಾಗ ಎಸ್‌ಎಸ್‌ಎಲ್‌ಸಿ ಮುಗಿಸಿ ಮಿಲ್ಲಿಗೆ ಬಂದು ಸೇರಿದ. ಮೊದಲ ಕೆಲಸ ಒಲೆಯ ಬೂದಿ ಎಳೆಯುವುದು. ಹತ್ತು ವರ್ಷದಲ್ಲಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು, ಎರಡನೇ ದರ್ಜೆಯ ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟ್ ತಂದ. ಆ ಕಾಗದವಿದ್ದವನು ಎದುರಿಗಿಲ್ಲದೆ ಬಾಯ್ಲರ್‌ಗೆ ಬೆಂಕಿ ಹಾಕುವಂತಿಲ್ಲ; ಕಾನೂನು ಹಾಗಿದೆ.

ಅವನಿಗೆ ಮೊದಲ ದರ್ಜೆಯ ಸರ್ಟಿಫಿಕೇಟಿನ ಆಸೆಯಿತ್ತು. ಅದಕ್ಕೆ ದೊಡ್ಡ ಬಾಯ್ಲರ್ ಮೇಲೆ ದುಡಿದ ಅನುಭವ ಬೇಕು. ಎಣ್ಣೆ ಮಿಲ್ಲಿನ ಪುಟ್ಟ ಬಾಯ್ಲರ್‌ನ ಮುಂದೆ ಇಡೀ ಜನ್ಮ ಕೂತರೂ ಅದು ಸಿಗುವುದಿಲ್ಲ. ೧೯೮೩ರ ಕೊನೆಯಲ್ಲಿ ದಾವಣಗೆರೆ ಕಡೆಯ ಒಂದು ಬಟ್ಟೆ ಗಿರಣಿಗೆ ಅಟೆಂಡೆಂಟ್ ಬೇಕು ಎಂಬ ಜಾಹೀರಾತು ಪೇಪರಿನಲ್ಲಿ ಬಂತು. ಗಿರಣಿಯ ಪರವಾಗಿ ಜನ ಆರಿಸುತ್ತಿದ್ದವರು ಬೆಂಗಳೂರಿನ ಜಯರಾಮಯ್ಯ ಎಂಬ ಏಜೆಂಟರು. ಓಬಳಪ್ಪ ಹೋಗಿ ಸಂದರ್ಶನ ಕೊಟ್ಟು ಬಂದ.

ಜನವರಿ ಹನ್ನೆರಡಕ್ಕೆ ಕಾಗದ ಬಂತು. ನೀವು ಆಯ್ಕೆಯಾಗಿದ್ದೀರಿ, ಒಪ್ಪಿಗೆಯನ್ನು ಕೂಡಲೇ ತಿಳಿಸಿ, ಖಾತರಿಯಾದ ಒಂದು ವಾರದೊಳಗೆ ಊರು ಬದಲಾಯಿಸಿ ಕೆಲಸಕ್ಕೆ ಹಾಜರಾಗಬೇಕು ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದ್ದರು. ಕಾಗದದ ಮೇಲಿನ ತಾರೀಖು ಐದು. ಅಂಚೆ ಮುದ್ರೆ ಒಂಬತ್ತು.

ಹೆಂಡತಿ ಗಿರಿಯಮ್ಮ ಕೇಳಿದಳು: "ಯಾವತ್ತಿಂದ ಒಂದ್ ವಾರ?"

"ಅದೇ ಗೊತ್ತಾಯ್ತಿಲ್ಲ ಕಣಮ್ಮಿ. ಖಾತ್ರಿ ಆದ್ಮೇಲೆ ಅಂತವ್ರೆ. ನಾನು ಹೂಂ ಅಂದ್ರೆ ಖಾತ್ರಿಯೋ, ಗಿರಣಿಯೋರು ಆರ್ಡರ್ ಕೊಟ್ರೆ ಖಾತ್ರಿಯೋ?"

"ಐದನೇ ತಾರೀಕಿಂದ ಆದ್ರೆ ವಾರ ಇವತ್ತಿಗೇ ಮುಗ್ದೋಯ್ತಲ್ಲ! ಮಗೀಗೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಐತೆ. ಇಲ್ಲಿ ಹೆಸ್ರು ಕಟ್ಟವ್ರೆ. ಈಗ ಎಂಗೆ ಎಬ್ಬಿಸ್ಕೊಂಡು ಓಗದು?"

ಮರುದಿನ ಬೆಳಿಗ್ಗೆ ಅವನು ಸಾಹುಕಾರರ ಮುಂದೆ ಕಾಗದ ಇಟ್ಟ. ಮುಚ್ಚಿಟ್ಟು ಮಾತಾಡುವುದು ಅವನಿಗೆ ಬರುತ್ತಿರಲಿಲ್ಲ. ನಾಗಲಿಂಗಯ್ಯನವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಹೋಗಬೇಡ ಅನ್ನಲ್ಲ ಓಬಳಪ್ಪ. ಆದ್ರೆ ಸುಗ್ಗಿ ಇದು, ದಿನಾ ಕಾಯಿ ಬೀಳ್ತಾ ಐತೆ. ನಿನ್ನ ನೇಮಕದ ಕಾಗದದಲ್ಲೇ ಒಂದು ತಿಂಗಳ ನೋಟೀಸ್ ಅಂತ ಇದೆ. ಸರ್ಟಿಫಿಕೇಟ್ ಇರೋ ಇನ್ನೊಬ್ಬನ್ನ ನಾನು ಹುಡುಕಬೇಡವಾ? ಅದಿರಲಿ, ಗಿರಣಿಯೋರ ಆರ್ಡರ್ ಎಲ್ಲಿ?"

"ಇನ್ನೂ ಬಂದಿಲ್ಲ ಸಾವ್ಕಾರ್ರೆ."

"ಇದು ಏಜೆಂಟನ ಕಾಗದ ಕಣಯ್ಯ. ಯಾವುದನ್ನ ನಂಬ್ಕೊಂಡು ರಾಜೀನಾಮೆ ಬರೀತೀಯ?"

ಅದು ಸರಿಯಾದ ಮಾತಾಗಿತ್ತು. ಸರಿಯಾಗಿತ್ತೆಂದೇ ಓಬಳಪ್ಪನಿಗೆ ಇನ್ನಷ್ಟು ರೇಗಿತು.

ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಪರ್ವತಯ್ಯನ ಬಳಿ ಅವನು ಉತ್ತರ ಬರೆಸಲು ಹೋದ. ಪರ್ವತಯ್ಯ ಕೇಳುವ ಮುಂಚೆಯೇ ಟಕಟಕ ಶುರುಮಾಡಿದ.

"ಏನ್ ಹೊಡೀತಿದೀರಿ?"

"ತಮ್ಮ ಪಾದಕಮಲಗಳಲ್ಲಿ ಬೇಡಿಕೊಳ್ಳುವುದೇನೆಂದರೆ, ಅಂತ. ಎಲ್ರಿಗೂ ಹಂಗೇ ಹೊಡೆಯೋದು."

"ನಾನೇನೂ ಬೇಡ್ಕೊಳ್ತಿಲ್ಲ ಸ್ವಾಮಿ. ಮೂರು ಪ್ರಶ್ನೆ ಕೇಳ್ತಾ ಇವ್ನಿ. ಅಷ್ಟು ಹೊಡೀರಿ ಸಾಕು."

ಪರ್ವತಯ್ಯ ಮುಖ ಸಿಂಡರಿಸಿಕೊಂಡು ಹಾಳೆ ಬದಲಾಯಿಸಿದ. ಕೆಲಸಕ್ಕೆ ಒಪ್ಪಿಗೆ ಇದೆ. ವಾರ ಯಾವ ದಿನದಿಂದ? ಗಿರಣಿಯ ಸಹಿಯಿರುವ ಆರ್ಡರ್ ಯಾವಾಗ? ಒಂದು ತಿಂಗಳ ನೋಟೀಸಿಗೆ ಅವಕಾಶವಿದೆಯೇ? ಇಷ್ಟೇ ಉತ್ತರ ಅಂಚೆಗೆ ಬಿತ್ತು.

ಎಂಟು ದಿನದ ಮೇಲೆ ಮರುಟಪಾಲು ಬಂತು. ಅದೇ ಕಾಗದ, ಅದೇ ಸಾಲುಗಳು. ಮೇಲೆ 'ಜ್ಞಾಪನೆ' ಎಂಬರ್ಥದ ಒಂದು ಇಂಗ್ಲಿಷ್ ಪದ ಮಾತ್ರ ಹೊಸದು. ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಓಬಳಪ್ಪ ಕಾಗದವನ್ನು ಮುದುಡಿ ಎಸೆದ. ಮತ್ತೆ ತಾನೇ ಹೋಗಿ ಹೆಕ್ಕಿ ತಂದು ತೊಡೆಯ ಮೇಲೆ ಉಜ್ಜಿ ಸರಿಮಾಡಿದ.

ಅಂದು ಮಿಲ್ಲಿಗೆ ರಜೆ. ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಎರಡೂವರೆ ಗಂಟೆ ಬೆಂಚಿನ ಮೇಲೆ ಕಾದ. ಕೊನೆಗೆ ಲೈನು ಸಿಕ್ಕಿತು.

"ಓಬಳಪ್ಪ ಮಾತಾಡೋದು, ಶಿರಾದಿಂದ. ನನ್ನ ಕಾಗದ ಬಂತಾ?"

"ಬಂದಿರುತ್ತೆ, ಬಂದಿರುತ್ತೆ," ಎಂದರು ಜಯರಾಮಯ್ಯ. "ನೀವು ಮೊದಲು ಎಸ್ ಅನ್ರೀ."

"ಎಸ್ ಅಂದ್ರೆ ಆವತ್ತಿಂದ್ಲೇ ವಾರ ಶುರುವಾಯ್ತದಾ?"

"ಹೌದು."

"ಆರ್ಡರ್?"

"ಅಲ್ಲಿಗೆ ಬಂದಮೇಲೆ ಕೊಡ್ತಾರೆ. ಸಾಮಾನು ತಗೊಂಡು ಹೊರಡಿ ನೀವು."

"ಇಲ್ಲಿ ಬುಟ್ಟು ಬಂದ್ಮೇಲೆ ಅಲ್ಲಿ ಕೊಡದಿದ್ರೆ?"

"ಎಲ್ಲದಕ್ಕೂ ಹೀಗೆ ಅನುಮಾನಪಟ್ಟರೆ ಮುಂದೆ ಬರಲ್ಲ ಕಣ್ರೀ! ನಿಮ್ಮ ಹಿಂದೆ ನಾಲ್ಕು ಜನ..."

ಮೂರು ನಿಮಿಷ ಮುಗಿದು ಲೈನು ಕಡಿದುಹೋಯಿತು. ರಿಸೀವರ್ ಹಿಡಿದುಕೊಂಡೇ ಓಬಳಪ್ಪ ಜೋರಾಗಿ, "ಒಂದಕ್ಕಾದ್ರೂ ನೆಟ್ಟಗೆ ಜವಾಬು ಕೊಡಕ್ಕೇನಯ್ಯಾ ನಿಂಗೆ!" ಎಂದ. ಕೌಂಟರಿನವರು ತಮಗೇ ಹೇಳಿದನೆಂದುಕೊಂಡು ತಲೆಯೆತ್ತಿ ನೋಡಿದರು.

ನೇರ ಪರ್ವತಯ್ಯನ ಜಗಲಿಗೆ ಹೋದ. ಈ ಸಲ ಒಂದೊಂದು ಮಾತನ್ನೂ ಅವನೇ ಹೇಳಿ ಬರೆಸಿದ: 'ಈ ಕೆಲಸ ನನಗೆ ಬೇಕು. ಗಿರಣಿಯವರು ಸಹಿ ಮಾಡಿದ ಆರ್ಡರ್ ನನ್ನ ಕೈಸೇರಿದ ದಿನವೇ ಇಲ್ಲಿ ನೋಟೀಸ್ ಕೊಡುತ್ತೇನೆ. ಅದಾದ ಮೂವತ್ತೆರಡನೇ ದಿನ ಅಲ್ಲಿ ಹಾಜರಿರುತ್ತೇನೆ. ಆರ್ಡರ್ ಬರುವ ಮುಂಚೆ ಇರುವ ಕೆಲಸ ಬಿಡುವುದಿಲ್ಲ. ಒಂದು ವಾರದಲ್ಲಿ ಬರಲು ನನ್ನಿಂದ ಸಾಧ್ಯವಿಲ್ಲ.'

"ತುಂಬಾ ಖಾರ ಆಯ್ತು," ಎಂದ ಪರ್ವತಯ್ಯ.

"ಆಗ್ಲಿ. ಇನ್ನೊಂದು ಪ್ರತಿ ತೆಗೀರಿ. ಗಿರಣಿ ಮ್ಯಾನೇಜರ್‌ಗೇ ರಿಜಿಸ್ಟರ್ ಮಾಡ್ತೀನಿ. ಮಧ್ಯದೋನು ಉತ್ತರ ಕೊಡ್ದಿದ್ರೆ ಕೆಲ್ಸ ಕೊಡೋರ್ನೇ ಕೇಳಾನ."

ನಾಲ್ಕನೇ ದಿನ ಜಯರಾಮಯ್ಯನವರಿಂದ ತಂತಿ ಬಂತು: ಅವಕಾಶ ರದ್ದು. ಬಾಯ್ಲರ್ ಮುಂದೆ ಕೂತು ನೀರಿನ ಮಟ್ಟ ನೋಡುವಾಗೆಲ್ಲ, ಸುಮ್ಮನೆ ಹೂಂ ಅಂದಿದ್ದರೆ ಇಷ್ಟೊತ್ತಿಗೆ ದೊಡ್ಡ ಬಾಯ್ಲರ್ ಮುಂದೆ ಇರುತ್ತಿದ್ದೆನಲ್ಲ ಎಂದು ಅನ್ನಿಸುತ್ತಿತ್ತು. ಮರುಕ್ಷಣವೇ, ಯಾವನೋ ಒಬ್ಬನ ಬಾಯಿಮಾತು ನಂಬಿ ಹೆಂಡತಿ ಮಕ್ಕಳನ್ನು ಬೀದಿಗೆ ತಳ್ಳಲೇ ಎಂದು ಸಿಟ್ಟು ಬರುತ್ತಿತ್ತು. ಆ ದಿನಗಳಲ್ಲಿ ಅವನು ಒಲೆಗೆ ಕಡಲೆಸಿಪ್ಪೆ ತಳ್ಳುವವರ ಮೇಲೆಲ್ಲ ಕಾರಣವಿಲ್ಲದೆ ಹರಿಹಾಯ್ದ.

ಫೆಬ್ರವರಿ ಎರಡನೇ ವಾರ ಗಿರಣಿಯ ಹೆಸರಿದ್ದ ಲಕೋಟೆ ಬಂತು. ಮುಖ್ಯ ಇಂಜಿನಿಯರರ ಸಹಿಯ ಆರ್ಡರ್ ಅದರಲ್ಲಿತ್ತು. ಜೊತೆಗೊಂದು ಪುಟ್ಟ ಚೀಟಿ: ನಿಮ್ಮ ರಿಜಿಸ್ಟರ್ ಕಾಗದ ತಲುಪಿತು. ನಮ್ಮ ಹಳೆಯ ಅಟೆಂಡೆಂಟ್ ನಿವೃತ್ತರಾಗುವುದು ಮಾರ್ಚ್ ಕೊನೆಗೆ. ಒಂದು ವಾರದ ಮಾತು ನಾವು ಆಡಿದ್ದಲ್ಲ. ಮಾರ್ಚ್ ಹತ್ತೊಂಬತ್ತಕ್ಕೆ ಬಂದು ಅವರ ಜೊತೆ ಕೆಲಸ ನೋಡಿಕೊಳ್ಳಿ. ಕ್ವಾರ್ಟರ್ಸ್ ಏಪ್ರಿಲ್‌ನಲ್ಲಿ ಖಾಲಿಯಾಗುತ್ತದೆ.

ಓಬಳಪ್ಪ ಓದಿ ಮುಗಿಸಿದವನು ಖುಷಿಪಡುವ ಬದಲು ಮೊದಲು ಬೈದ. "ಮಾರ್ಚ್ ಕೊನೆ! ಇಷ್ಟನ್ನ ಆ ಮನ್ಷ ಮೊದ್ಲೇ ಹೇಳಕ್ಕೇನಾಗಿತ್ತು?"

"ಅವ್ರಿಗೂ ಗೊತ್ತಿತ್ತೋ ಇಲ್ವೋ," ಎಂದಳು ಗಿರಿಯಮ್ಮ. "ಕೇಳ್ದೋನು ನೀನೊಬ್ನೇ ಇರಬೇಕು. ಈಗ ನೋಟೀಸ್ ಕೊಡು ಓಗು."

ಅಂದೇ ಕೊಟ್ಟ. ನಾಗಲಿಂಗಯ್ಯನವರು ಪಾವಗಡದಿಂದ ಸಿದ್ದಗಂಗಯ್ಯ ಎಂಬ ಸರ್ಟಿಫಿಕೇಟ್ ಇದ್ದವನನ್ನು ಕರೆಸಿದರು. ಓಬಳಪ್ಪ ಮೂರು ವಾರ ಅವನ ಜೊತೆ ನಿಂತು, ಆ ಬಾಯ್ಲರ್‌ನ ಯಾವ ವಾಲ್ವ್ ಬಿಗಿ, ಯಾವುದು ಸಡಿಲ ಎಂಬುದನ್ನೆಲ್ಲ ತೋರಿಸಿಕೊಟ್ಟ. ಮಾರ್ಚ್ ಹದಿನೆಂಟರ ಬೆಳಿಗ್ಗೆ ಒಂದು ಟ್ರಂಕು, ಸುತ್ತಿದ ಒಂದು ಹಾಸಿಗೆ ಹಿಡಿದುಕೊಂಡು ಹೆದ್ದಾರಿಯಲ್ಲಿ ದಾವಣಗೆರೆ ಬಸ್ ಹತ್ತಿದ. ಮಗಳು ಪರೀಕ್ಷೆ ಬರೆದ ಮೇಲೆ ಗಿರಿಯಮ್ಮ ಉಳಿದ ಸಾಮಾನು ಲಾರಿಗೆ ಹಾಕಿಸಿಕೊಂಡು ಹಿಂದೆ ಬಂದಳು. ಕ್ವಾರ್ಟರ್ಸಿನ ಬಾಗಿಲಿಗೆ ಚಿಲಕವೇ ಇರಲಿಲ್ಲ. ಅದಕ್ಕಾಗಿ ಗಿರಣಿಗೆ ಅರ್ಜಿ ಬರೆದು ಕೂರದೆ, ಓಬಳಪ್ಪ ಸಂಜೆಯೊಳಗೆ ತಾನೇ ಒಂದು ತಂದು ಜಡಿದ.